ಎರಡನೆಯ ಸಾಲಿನ ಕ್ಯಾರೆಟ್

ರಕ್ತಪರೀಕ್ಷೆಯ ವರದಿಯನ್ನು ಆಹಾರತಜ್ಞೆ ಎರಡು ಸಲ ಓದಿದಳು. ಮತ್ತೊಮ್ಮೆ ಓದುವ ಧೈರ್ಯ ಬರಲಿಲ್ಲ.

ಮಕ್ಕಳ ವಸತಿನಿಲಯದಲ್ಲಿ ಎಣ್ಣೆಗೆ ಕತ್ತರಿ ಬಿದ್ದಿತ್ತು. ಹಸಿ ತರಕಾರಿಯೇ ಆರೋಗ್ಯವೆಂದು ಮ್ಯಾನೇಜರ್ ತುರಿದ ಕ್ಯಾರೆಟ್ಟು, ಹೆಚ್ಚಿದ ಟೊಮೆಟೊ ಬಡಿಸಲು ಹೇಳಿದ್ದರು. ಅವಳು ಕಾಡಿ ಬೇಡಿ ಒಂದು ಅವಕಾಶ ಪಡೆದಳು. ಊಟದ ಕೋಣೆಯ ಮೊದಲ ಸಾಲಿಗೆ ಅದೇ ತರಕಾರಿ, ಅಷ್ಟೇ ತೂಕ, ಸ್ವಲ್ಪ ಎಣ್ಣೆ ಹಾಕಿ ಬೇಯಿಸಿದ್ದು. ಎರಡನೆಯ ಸಾಲಿಗೆ ಎಂದಿನ ಹಸಿ. ಶುರುವಿನಲ್ಲೊಮ್ಮೆ, ಕೆಲವು ವಾರಗಳ ನಂತರ ಮತ್ತೊಮ್ಮೆ, ಮಕ್ಕಳ ರಕ್ತದಲ್ಲಿ ಕ್ಯಾರೊಟಿನಾಯ್ಡ್, ಅಂದರೆ ತರಕಾರಿಗೆ ಕೆಂಪು, ಕಿತ್ತಳೆ ಬಣ್ಣ ಕೊಡುವ ಪೋಷಕಾಂಶ, ಎಷ್ಟಿದೆ ನೋಡುವುದು. ವ್ಯತ್ಯಾಸ ಕಂಡರೆ ಎಲ್ಲರಿಗೂ ಎಣ್ಣೆ.

ಕಾಣಲೇಬೇಕಿತ್ತು. ಬೆಂದಾಗ ತರಕಾರಿಯ ಕೋಶಗೋಡೆಗಳು ಸಡಿಲಗೊಂಡು ಆ ಕೆಂಪು, ಕಿತ್ತಳೆ ಬಣ್ಣ ಹೊರಬರುತ್ತದೆ. ಅದು ನೀರಿನಲ್ಲಿ ಕರಗುವುದಿಲ್ಲ; ಎಣ್ಣೆಯಲ್ಲಿ ಕರಗಿ, ಪಿತ್ತರಸದ ನೆರವಿನಿಂದ ಅತಿ ಸಣ್ಣ ಕಣಗಳೊಳಗೆ ಸೇರಿ ಕರುಳಿನ ಗೋಡೆಯನ್ನು ಮುಟ್ಟುತ್ತದೆ. ಎಣ್ಣೆಯಿಲ್ಲದ ಹಸಿ ತುರಿಯಲ್ಲಿ ಅದರ ಬಹುಪಾಲು ಮೈಗೆ ಹತ್ತದೆ ಹಾಗೇ ಹೊರಗೆ ಹೋಗುತ್ತದೆ.

ವರದಿಯಲ್ಲಿ ಎರಡೂ ಸಾಲಿನ ಮಕ್ಕಳಲ್ಲಿ ಅದರ ಮಟ್ಟ ಏರಿತ್ತು. ಬೇಯಿಸಿದ ಸಾಲು ತುಸುವೇ ಮುಂದಿತ್ತು.

ಅವಳು ಅಡುಗೆಮನೆಗೆ ಹೋದಳು. ಮಕ್ಕಳೆಲ್ಲ ದೊಡ್ಡಮ್ಮ ಎಂದು ಕರೆಯುವ ಅಡುಗೆಯವಳು ತುರಿಯುವ ಮಣೆ ತೊಳೆಯುತ್ತಿದ್ದಳು.

"ದೊಡ್ಡಮ್ಮ, ಹಸಿ ತುರಿಗೆ ಏನಾದ್ರೂ ಹಾಕ್ತಿದ್ರಾ?"

"ಉಪ್ಪು."

"ಮತ್ತೆ?"

"ಏನಮ್ಮ, ಪೊಲೀಸ್ನೋರ ಥರ ಕೇಳ್ತೀಯಾ? ಒಂದು ಸಾಲಿಗೆ ಘಮಘಮ, ಇನ್ನೊಂದು ಸಾಲು ಮೊಲದ ಹಂಗೆ ಕರಕರ ಅಗೀತಿತ್ತು. ಬಡಿಸೋ ಕೈ ನಂದಲ್ವಾ, ಕರುಳು ಚುರ್ ಅನ್ನಲ್ವಾ? ಮನೆಯಿಂದ ಎಣ್ಣೆ ತಂದು ತುರಿಗೆ ದಿನಾ ಕಲಸ್ದೆ. ಎಲ್ರೂ ನಮ್ಮ ಮಕ್ಕಳೇ ತಾನೆ?" ಎದುರಿಗಿದ್ದವಳ ಮುಖ ನೋಡಿ ದೊಡ್ಡಮ್ಮನ ಕೈ ನಿಂತಿತು. "ಯಾಕೆ, ಹೊಟ್ಟೆ ಕೆಡ್ತಾ ಯಾರಿಗಾದ್ರೂ?"

"ಇಲ್ಲ ದೊಡ್ಡಮ್ಮ. ಒಳ್ಳೇದೇ ಆಗಿದೆ."

ಯಾರು ಹಾಕಿದರೆಂದು ಹೇಳದೆ, ಎಣ್ಣೆ ಬಿದ್ದ ಸಂಗತಿಯನ್ನಷ್ಟೇ ಅವಳು ಮ್ಯಾನೇಜರರಿಗೆ ತಿಳಿಸಿದಳು.

"ಅಂದ್ರೆ ನಿಮ್ಮ ಪರೀಕ್ಷೆ ಕೆಟ್ಟಿತೋ, ಎಣ್ಣೆ ಗೆದ್ದಿತೋ? ಒಂದು ಹೇಳಿ."

"ಎರಡೂ, ಸರ್. ಇನ್ನೊಂದು ಸಲ ಮಾಡೋಣ."

"ಮಕ್ಕಳಿಗೆ ಮತ್ತೆ ಸೂಜಿ ಚುಚ್ಚಕ್ಕೆ ಕಮಿಟಿ ಒಪ್ಪಲ್ಲಮ್ಮ. ಹಸೀದೂ ಸಾಕು ಅಂತ ಕಾಗದದಲ್ಲಿ ಇದೆ, ನೀವೇ ತರಿಸಿದ ಕಾಗದ." ಅವರು ದನಿ ಏರಿಸಲಿಲ್ಲ. "ನಾಳೆಯಿಂದ ಎಲ್ರಿಗೂ ಹಸಿ. ಅಡುಗೆಯೋರ ಚೀಲ ಗೇಟಲ್ಲೇ ನೋಡಕ್ಕೆ ಹೇಳ್ತೀನಿ."

ಮರುದಿನ ಮೊದಲ ಸಾಲಿನ ಹುಡುಗಿಯೊಬ್ಬಳು ತಟ್ಟೆ ನೋಡಿ, "ದೊಡ್ಡಮ್ಮ, ನಾವೇನು ತಪ್ಪು ಮಾಡಿದ್ವಿ?" ಎಂದಳು.

ದೊಡ್ಡಮ್ಮ ಉತ್ತರಕ್ಕಾಗಿ ಆಹಾರತಜ್ಞೆಯತ್ತ ನೋಡಿದಳು. ಅವಳು ಮಕ್ಕಳ ಜೊತೆ ಕುಳಿತು ಒಂದು ಹಿಡಿ ತುರಿ ಬಾಯಿಗೆ ಹಾಕಿಕೊಂಡಳು. ಸಿಹಿಯಾಗಿತ್ತು, ಬಣ್ಣವೂ ಚೆನ್ನಾಗಿತ್ತು. ಆ ಬಣ್ಣದಲ್ಲಿ ಎಷ್ಟು ಈ ಮಕ್ಕಳ ಮೈಗೆ ಹತ್ತುತ್ತದೆಂದು ಆ ಕೋಣೆಯಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು.