ಡಬ್ಬದೊಳಗೆ ಏನೇನಿದೆ

ಗಂಗರಾಜು ಒಂದು ಡಬ್ಬ ತೆರೆದರೆ ನಾಲ್ಕು ಜನ ಮಾತಾಡುತ್ತಿದ್ದರು. ಕಂಪನಿಯ ಸೇಲ್ಸ್‌ನವನು, ಅನುಮಾನದ ರೈತ, ಚೌಕಾಸಿಯ ಹೆಂಗಸು, ಕೊನೆಗೆ ಡಬ್ಬವೇ. ನಾಲ್ಕೂ ದನಿ ಅವನದೇ. ಶಿಡ್ಲಘಟ್ಟದ ಸುತ್ತ ಹದಿನೆಂಟು ಸಾವಿರ ಜನ ಅವನ ವಿಡಿಯೊ ಚಾನೆಲ್ ನೋಡುವುದು ಆ ದನಿಗಳಿಗಾಗಿ. ಆದರೆ ಬೇಸಾಯದ ಮಿಷನ್ ಕೊಳ್ಳುವವರು ಅವನ ಮಾತು ನಂಬಿ ಕೊಳ್ಳುತ್ತಿರಲಿಲ್ಲ. ವಿಡಿಯೊದ ಕೆಳಗೆ ಅವನ ತಂಗಿ ಲಾವಣ್ಯ ಬರೆದದ್ದನ್ನು ಓದಿ ಕೊಳ್ಳುತ್ತಿದ್ದರು.

ಲಾವಣ್ಯ ಬರೆಯುವುದಕ್ಕೆ ಒಂದು ಕ್ರಮವಿತ್ತು. ಶೀರ್ಷಿಕೆಯಲ್ಲಿ ವಸ್ತುವಿನ ಹೆಸರಿನ ಬೆನ್ನಿಗೇ ಮಾಡೆಲ್. ಫೋನಿನಲ್ಲಿ ಉದ್ದದ ಶೀರ್ಷಿಕೆಯ ಬಾಲ ಕಾಣುವುದಿಲ್ಲ, ಮಾಡೆಲ್ ಬಾಲದಲ್ಲಿದ್ದರೆ ಜನ ಬೇರೆಯದನ್ನು ತರುತ್ತಾರೆ. ವಿವರಣೆಯ ಮೊದಲ ಎರಡು ಸಾಲಿನಲ್ಲಿ ಬೆಲೆ, ಅದೂ ಇಷ್ಟರಿಂದ ಇಷ್ಟರವರೆಗೆ ಎಂದು, ಏಕೆಂದರೆ ಗೌರಿಬಿದನೂರಿನ ರೇಟು ಚಿಂತಾಮಣಿಯಲ್ಲಿ ಇರುವುದಿಲ್ಲ. ಆಮೇಲೆ ಡಬ್ಬದೊಳಗಿನ ಸಾಮಾನಿನ ಪಟ್ಟಿ. ಅದನ್ನು ಅವಳು ಡಬ್ಬದ ಮೇಲೆ ಅಚ್ಚಾದದ್ದನ್ನು ನೋಡಿ ಬರೆಯುತ್ತಿರಲಿಲ್ಲ. ವಿಡಿಯೊ ನಿಲ್ಲಿಸಿ ನಿಲ್ಲಿಸಿ, ಮೇಜಿನ ಮೇಲೆ ಇಳಿದದ್ದನ್ನಷ್ಟೇ ಎಣಿಸಿ ಬರೆಯುತ್ತಿದ್ದಳು.

ತೆರೆಯುವ ಡಬ್ಬಗಳು ಅವರವಲ್ಲ. ಕೊಳ್ಳಲು ದುಡ್ಡೆಲ್ಲಿ? ರಮೇಶ್‌ಬಾಬು ಅಂಗಡಿಯಲ್ಲಿ ಯಾರಾದರೂ ಹೊಸ ಮಿಷನ್ ಕೊಂಡರೆ, ಅವರ ಒಪ್ಪಿಗೆ ಕೇಳಿ ಅಲ್ಲೇ ಕ್ಯಾಮೆರಾ ಮುಂದೆ ತೆರೆಯುವುದು, ಮತ್ತೆ ತುಂಬಿ ಕೊಟ್ಟು ಕಳಿಸುವುದು. ಒಪ್ಪಿದವರಿಗೆ ಅಂಗಡಿಯಿಂದ ಒಂದು ಟೋಪಿಯೋ ಟಾರ್ಚೋ ಉಡುಗೊರೆ.

ಆ ಬುಧವಾರ ಬೆಳಿಗ್ಗೆ ತೆರೆದದ್ದು ಜಂಗಮಕೋಟೆಯ ಮುನಿಶಾಮಮ್ಮನ ಡಬ್ಬ. ಬೆನ್ನಿಗೆ ಹಾಕಿಕೊಳ್ಳುವ ಹದಿನಾರು ಲೀಟರಿನ ಬ್ಯಾಟರಿ ಸ್ಪ್ರೇಯರ್. ಇಪ್ಪತ್ತು ವರ್ಷ ಬೇರೆಯವರ ರೇಷ್ಮೆ ಹುಳುಮನೆಯಲ್ಲಿ ಸೊಪ್ಪು ಹಾಕಿದವಳು ಈಗ ಸ್ವಂತದ ಹುಳುಮನೆ ಕಟ್ಟಿಸಿದ್ದಳು. ಭಾನುವಾರ, ಮೊಟ್ಟೆಯೊಡೆಸಿ ಮರಿ ಸಾಕಿ ಮಾರುವ ಚಾಕಿ ಮನೆಯಿಂದ ಮರಿಹುಳು ಬರಬೇಕು, ಮೊದಲ ಬೆಳೆ. ಅದಕ್ಕೆ ಮುಂಚೆ ರೋಗ ತಗುಲದಂತೆ ಗೋಡೆ, ನೆಲ, ತಟ್ಟೆಗಳಿಗೆಲ್ಲ ಬ್ಲೀಚಿಂಗ್ ನೀರು ಹೊಡೆಯಬೇಕಿತ್ತು.

"ಬೇಗ ಬಿಚ್ಚಪ್ಪ, ಹನ್ನೊಂದರ ಬಸ್ಸಿಗೆ ಹೋಗ್ಬೇಕು. ಇವತ್ತೇ ಹೊಡೀಬೇಕು," ಎಂದಳು.

ಗಂಗರಾಜು ಡಬ್ಬದ ದನಿಯಲ್ಲಿ, "ಅಕ್ಕ, ನಿಧಾನ, ಕಚಗುಳಿ ಆಗ್ತದೆ," ಎಂದ.

"ಹೋಗೋ! ಹೋದ ವರ್ಷ ಬ್ಯಾಂಕ್ ಮ್ಯಾನೇಜರ್ ಥರ ಫೋನ್ ಮಾಡಿ ನನ್ನನ್ನ ಬ್ಯಾಂಕಿಗೆ ಓಡ್ಸಿದ್ಯಲ್ಲ, ಅದ್ಕೇ ಇನ್ನೂ ಲೆಕ್ಕ ಚುಕ್ತಾ ಆಗಿಲ್ಲ."

ಅವಳು ಟಾರ್ಚು, ಡಬ್ಬ ಎರಡನ್ನೂ ಹಿಡಿದು ಬಸ್ಸು ಹತ್ತಿದಳು.

ಮನೆಯಲ್ಲಿ ಲಾವಣ್ಯ ಬರೆಯಲು ಕೂತಾಗ ಹನ್ನೆರಡೂವರೆ. "16 ಲೀಟರ್ ಬ್ಯಾಟರಿ ಸ್ಪ್ರೇಯರ್, 12V 12Ah ಮಾಡೆಲ್: ಬಾಕ್ಸ್‌ನಲ್ಲಿ ಏನೇನಿದೆ?" ಬೆಲೆ ₹2,800ರಿಂದ ₹3,200. ಟ್ಯಾಂಕು, ಚಾರ್ಜರ್, ಪೈಪು, ಗನ್ನು, ಸ್ಟೀಲ್ ರಾಡು, ಎರಡು ಬೆಲ್ಟು. ನಾಜಲ್‌ಗೆ ಬಂದಾಗ ವಿಡಿಯೊ ನಿಲ್ಲಿಸಿದಳು. ಡಬ್ಬದ ಮೇಲೆ ನಾಲ್ಕು. ಮೇಜಿನ ಮೇಲೆ ಮೂರು, ಅವುಗಳ ಕವರ್ ಬಾಯಿ ಹರಿದಿತ್ತು.

ಹಿಂದಕ್ಕೆ ಎಳೆದಳು. ಅಣ್ಣ ಕುಣಿಯುತ್ತಾ ಟ್ಯಾಂಕು ತಿರುಗಿಸುವ ಒಂದು ಗಳಿಗೆಯಲ್ಲಿ ಬುಡದ ಚೀಟಿ ಕಂಡಿತು. ಚಿತ್ರ ದೊಡ್ಡದು ಮಾಡಿದಳು: 12V 8Ah, ಕಡಿಮೆ ಶಕ್ತಿಯ ಬ್ಯಾಟರಿ. ಡಬ್ಬದ ಸೀರಿಯಲ್ ನಂಬರೇ ಬೇರೆ, ಮಿಷನ್ನಿನದೇ ಬೇರೆ. ಟ್ಯಾಂಕಿನ ಬಾಯಿಯ ಜಾಲರಿಯ ಅಂಚಿನಲ್ಲಿ ಬೆಳ್ಳಗೆ ಏನೋ ಒಣಗಿ ಕಚ್ಚಿಕೊಂಡಿತ್ತು.

ರಮೇಶ್‌ಬಾಬುಗೆ ಫೋನ್ ಮಾಡಿ ನಂಬರು ಬೇರೆಬೇರೆ ಇರುವುದನ್ನು ಹೇಳಿದಳು.

"ಏನಮ್ಮ ನೀನು, ಡಬ್ಬದ ಮೇಲಿರೋದು ಬರಿ, ಸಾಕು."

"ರಮೇಶಣ್ಣ, ಆ ಮಿಷನ್ ಯಾರ್ದು?"

"ಚಿಂತಾಮಣಿ ಕಡೆಯೋರು ವಾಪಸ್ ಕೊಟ್ಟಿದ್ದು. ಟೊಮೇಟೊಗೆ ಎರಡು ದಿನ ಹೊಡೆದವ್ರೆ, ಅಷ್ಟೇ. ತೊಳೆಸಿದೀನಿ ಕಣಮ್ಮ. ಸ್ಟಾಕ್ ಇರ್ಲಿಲ್ಲ, ಪಾಪ ಅವಸರ ಮಾಡಿದ್ಲು. ಇದನ್ನ ಬರೆದ್ರೆ ನಾಳೆಯಿಂದ ನಿಮಗೆ ಬಿಚ್ಚೋಕೆ ಡಬ್ಬ ಯಾರು ಕೊಡ್ತಾರೆ ನೋಡ್ಕೋ."

ಲಾವಣ್ಯ ಫೋನ್ ಇಟ್ಟಳು. ಟೊಮೇಟೊಗೆ ಹುಳದ ಔಷಧಿ ಹೊಡೆದ ಮಿಷನ್ನು ಹುಳುಮನೆಯೊಳಗೆ! ರೇಷ್ಮೆಹುಳುವೂ ಹುಳುವೇ, ಅದಕ್ಕೆ ಅಂಥ ಔಷಧಿಯ ಸೋಂಕೇ ಸಾಕು. ಗೋಡೆಗೆ ಹತ್ತಿದರೆ ಭಾನುವಾರದ ಬೆಳೆ ಹೋದಂತೆ.

"ಅಣ್ಣಾ, ಮುನಿಶಾಮಕ್ಕಂಗೆ ಫೋನ್ ಮಾಡೋ! ಬೇಗ!"

ಗಂಗರಾಜು ಮಾಡಿದ. ಗಾಬರಿಗೆ ಅವನ ಗಂಟಲೇ ಬದಲಾಗಿತ್ತು. "ಅಕ್ಕ, ಮಿಷನ್ ಮುಟ್ಬೇಡಿ, ಅದು ಹಳೇದು, ವಿಷ ಐತೆ..."

"ಇದ್ಯಾರ ದನಿಯೋ? ಇನ್ಸ್‌ಪೆಕ್ಟರಾ?" ಆ ಕಡೆಯಿಂದ ನಗು. "ಬಿಡೋ, ಕೆಲಸ ಐತೆ ನಂಗೆ."

"ಅಕ್ಕಾ, ಆಣೆಗೂ ನಿಜ ಅಕ್ಕಾ!" ಎಂದು ಹಿಂದಿನಿಂದ ಲಾವಣ್ಯ ಕೂಗುತ್ತಿದ್ದಂತೆ ಲೈನ್ ಕಟ್ಟಾಯಿತು. ಮತ್ತೆ ಮಾಡಿದರೆ ರಿಂಗಾಗುತ್ತದೆ, ಎತ್ತುವವರಿಲ್ಲ.

ಬೈಕು ತೆಗೆದರು. ಗಂಗರಾಜು ಜೋರಾಗಿ ಓಡಿಸಿದ. ಹಿಂದೆ ಕೂತ ಲಾವಣ್ಯ ಒಂದು ಕೈಯಲ್ಲಿ ಅವನ ಅಂಗಿ ಹಿಡಿದು ಇನ್ನೊಂದರಲ್ಲಿ ಬರೆಯುತ್ತಿದ್ದಳು. ಡಬ್ಬದ ಮೇಲೆ 12Ah, ಒಳಗೆ ಬಂದದ್ದು 8Ah. 8Ah ಮಾಡೆಲ್ಲಿನ ಬೆಲೆ ₹2,200ರಿಂದ ₹2,600. ನಾಜಲ್ ನಾಲ್ಕಲ್ಲ, ಮೂರು. ಮಿಷನ್ ಮೊದಲೇ ಬಳಸಿದ್ದು. ಬೆಳೆಗೆ ಔಷಧಿ ಹೊಡೆದ ಮಿಷನ್ನನ್ನು ಹುಳುಮನೆಗೆ ತರಬೇಡಿ. ಕೊಳ್ಳುವಾಗ ಡಬ್ಬದ ನಂಬರು, ಮಿಷನ್ ಬುಡದ ನಂಬರು ಒಂದೇನಾ ನೋಡಿ. ರಸ್ತೆಯ ಗುಂಡಿಗೆ ಬೈಕು ಹಾರಿ ಎರಡು ಸಲ ಬೆರಳು ತಪ್ಪಿತು, ಎರಡು ಸಲ ತಿದ್ದಿದಳು.

ಮುನಿಶಾಮಮ್ಮ ಹುಳುಮನೆಯ ಮೆಟ್ಟಿಲ ಮೇಲೆ ತಲೆಯ ಮೇಲೆ ಕೈ ಹೊತ್ತು ಕೂತಿದ್ದಳು. ಸೆರಗು ಒದ್ದೆ. ಬಾಗಿಲು ತೆರೆದಿತ್ತು. ಒಳಗಿನ ನೆಲವೂ ಒದ್ದೆ.

"ಆಯ್ತಲ್ಲಪ್ಪ," ಎಂದಳು. "ಎರಡು ಕೋಣೇನೂ ಹೊಡೆದೆ. ತಟ್ಟೆಗೂ ಹೊಡೆದೆ."

ಗಂಗರಾಜು ಬೈಕಿಗೆ ಸ್ಟ್ಯಾಂಡು ಹಾಕುವುದನ್ನೂ ಮರೆತ. ಬೈಕು ಒಂದು ಕಡೆ, ಅವನೊಂದು ಕಡೆ. ನೆಲದ ಮೇಲೆ ಕುಕ್ಕರಿಸಿ, "ನಂದೇ ತಪ್ಪಕ್ಕ. ನಾನು ಮಾತಾಡಿದ್ರೆ ಯಾರೂ ನಂಬಲ್ಲ. ತಟ್ಟೆ ಎಲ್ಲ ನಾನು ತೊಳ್ಕೊಡ್ತೀನಿ, ಗೋಡೆಗೆ ಸುಣ್ಣ ಹೊಡ್ಕೊಡ್ತೀನಿ," ಎನ್ನುತ್ತಾ ಅತ್ತೇಬಿಟ್ಟ. ಅಣ್ಣ ಅತ್ತದ್ದನ್ನು ಲಾವಣ್ಯ ಅಪ್ಪ ತೀರಿಕೊಂಡ ದಿನದಿಂದ ಈಚೆಗೆ ನೋಡಿರಲಿಲ್ಲ. ಅವಳು ಫೋನ್ ತೆರೆದು, ರಮೇಶ್‌ಬಾಬು ಹೇಳಿದ್ದೆಲ್ಲ ನೆನಪಿದ್ದೂ, ಪ್ರಕಟಿಸುವ ಗುಂಡಿ ಒತ್ತಿದಳು.

"ಅಕ್ಕ, ಬರೆದು ಹಾಕಿದೀನಿ. ಇನ್ನೊಬ್ಬರಿಗೆ ಹಿಂಗಾಗಬಾರ್ದು."

"ಓದು ನೋಡಣ."

ಲಾವಣ್ಯ ಓದಿದಳು. ಮುನಿಶಾಮಮ್ಮ ಪೂರ್ತಿ ಕೇಳಿದಳು. ಆಮೇಲೆ ಗಂಟಲು ದಪ್ಪ ಮಾಡಿ, ಥೇಟ್ ಬ್ಯಾಂಕ್ ಮ್ಯಾನೇಜರಿನ ಹಾಗೆ, "ನೋಡಿ ಗಂಗರಾಜು ಅವರೇ, ನಿಮ್ಮ ಖಾತೆ ಇವತ್ತಿಗೆ ಚುಕ್ತಾ," ಎಂದಳು.

ಗಂಗರಾಜು ತಲೆ ಎತ್ತಿ ನೋಡಿದ.

"ಒಂದು ಹನಿ ಹೊಡೆದಿಲ್ಲ ಕಣೋ. ನಿನ್ ಮಾತಿಗಲ್ಲ, ಹಿಂದೆ ಇವಳು ಕೂಗಿದ್ಲಲ್ಲ, ಇವಳು ಆಟ ಆಡಲ್ಲ. ಜಾಲರಿ ಮೂಸಿ ನೋಡ್ದೆ, ಗಬ್ಬು! ಅಲ್ಲೇ ತಿಪ್ಪೆ ಪಕ್ಕ ಇಟ್ಟೆ. ಫೋನ್ ಬೇಕಂತಲೇ ಎತ್ಲಿಲ್ಲ. ನೆಲ ನಾನು ನೀರಲ್ಲಿ ತೊಳೆದಿರೋದು. ನಾಳೆ ಆ ರಮೇಶ್‌ಬಾಬು ಮೇಜಿನ್ ಮೇಲೇ ಮಡಗ್ತೀನಿ, ಬಾ."

ಮುನಿಶಾಮಮ್ಮನಿಗೇ ಮೊದಲು ನಗು ಬಂತು. ಲಾವಣ್ಯಳಿಗೆ ಅಳುವೋ ನಗುವೋ ತಿಳಿಯಲಿಲ್ಲ, ಬಾಗಿಲ ಚೌಕಟ್ಟು ಹಿಡಿದು ನಿಂತಳು. ಗಂಗರಾಜು ಮಣ್ಣಿನಲ್ಲಿ ಕೂತೇ, ಕಣ್ಣೊರೆಸಿಕೊಳ್ಳುತ್ತಾ, ತನ್ನ ಸ್ವಂತ ದನಿಯಲ್ಲಿ, ಅವರಿಬ್ಬರಿಗಿಂತಲೂ ಜೋರಾಗಿ, ಪಕ್ಕದ ಮನೆಯವರು ಹೊರಗೆ ಬಂದು ನೋಡುವಷ್ಟು ಜೋರಾಗಿ ನಕ್ಕ.