ಚಾಂದ್ ಕಾಣುವವರೆಗೆ ಮಾತ್ರ

ಮುಂಬೈಯ ಭಾಂಡುಪ್ ಸ್ಟೇಶನ್ ರಸ್ತೆಯಲ್ಲಿ ನಮ್ಮದು ಬಟ್ಟೆ ಅಂಗಡಿ, ಪಕ್ಕದಲ್ಲೇ ದಸ್ತಗೀರಸಾಬರ ಅತ್ತರಿನ ಅಂಗಡಿ. ಇಬ್ಬರದೂ ಊರು ವಿಜಯಪುರ. ಈ ಸಲ ಮೊದಲ ಬಾರಿಗೆ ಸೇರಿ ಈದ್ ಆಫರ್ ಇಟ್ಟೆವು: ನಮ್ಮಲ್ಲಿ ಕುರ್ತಾ, ಸಲ್ವಾರ್, ಸೀರೆ ಏನೇ ಕೊಂಡರೂ ಅವರಲ್ಲಿ ಒಂದು ಪುಟ್ಟ ಶೀಶೆ ಅತ್ತರು ಉಚಿತ. ರೋಜಾ ಹಿಡಿದೇ ಆ ಮನುಷ್ಯ ಶೀಶೆಗಳನ್ನೆಲ್ಲ ತಾನೇ ತುಂಬಿಸಿ ಸಾಲಾಗಿ ಇಟ್ಟಿದ್ದ.

ಬೋರ್ಡ್ ಬರೆಯುವ ಕೆಲಸ ನನ್ನದು. ಎಲ್ಲ ಮಂದಿ ಓಡಾಡುವ ರಸ್ತೆ, ಯಾರಿಗೂ ತಾವು ಹೊರಗಿನವರು ಅನ್ನಿಸಬಾರದು. "ಈದ್ ನಮ್ಮ ನೆರೆಯವರ ಹಬ್ಬ, ಅದರ ಸಂತೋಷ ಎಲ್ಲರದು. ಬನ್ನಿ" ಎಂದು ಹಿಂದಿಯಲ್ಲೂ ಮರಾಠಿಯಲ್ಲೂ ಬರೆದೆ. ಅಷ್ಟಕ್ಕೆ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಚಂದ್ರ ಕಂಡರೆ ಹಬ್ಬದ ಖರೀದಿ ಮುಗಿದಂತೆ ಎಂದು ತಿಳಿದು, ಗೌರವ ಉಕ್ಕಿ, "ಚಾಂದ್ ಕಾಣುವವರೆಗೆ ಮಾತ್ರ" ಎಂದು ಕೆಳಗೆ ಸೇರಿಸಿ ನನ್ನ ಬೆನ್ನು ನಾನೇ ತಟ್ಟಿಕೊಂಡೆ. ದಸ್ತಗೀರಸಾಬರನ್ನು ಕೇಳೋಣವೆಂದರೆ ಅವರು ಅಂದು ಬೆಳಗ್ಗೆಯೇ ಮಾಲು ತರಲು ಪೇಟೆಗೆ ಹೋಗಿದ್ದರು, ಮರಳಿದ್ದು ಸಂಜೆಗೆ.

ಬೆಳಗಿನಿಂದ ಬಂದವರಿಗೆಲ್ಲ ಸಂಜೆಗೆ ಆಫರ್ ಮುಗಿಯುತ್ತದೆಂದು ಅವಸರ ಮಾಡಿದೆ. ನರ್ಸ್ ಸೋನಾಲಿ ಡ್ಯೂಟಿಗೆ ತಡವಾದರೂ ನಿಂತು ಸೀರೆ ಆರಿಸಿದಳು. ಆದರೂ ಬಂದವರು ಬೆರಳೆಣಿಕೆಯಷ್ಟು.

ಹೊತ್ತು ಮುಳುಗಿತು. ಮಸೀದಿಯಿಂದ ಕೂಗು ಬಂತು, ಪಟಾಕಿ ಸಿಡಿದವು. ಚಾಂದ್ ಕಂಡಿತ್ತು! ಅಷ್ಟೇ, ರಸ್ತೆಗೆ ರಸ್ತೆಯೇ ಅಂಗಡಿಗಳಿಗೆ ನುಗ್ಗಿತು. ದಸ್ತಗೀರಸಾಬರು ಬೋರ್ಡ್ ನೋಡಿ ಓಡಿ ಬಂದರು.

"ಅಕ್ಕಾರ, ಇದೇನ್ ಬರದೀರಿ? ಚಾಂದ್ ಕಂಡ ಮ್ಯಾಲೇ ನಮ್ಮ ಮಂದಿ ಖರೀದಿಗೆ ಬರೂದು!"

ನಾನು ಬೋರ್ಡಿನ ಕಡೆ ನೋಡಿದೆ. "ಮುಂಜಾನೆ ತಗೊಂಡವರಿಗೆ ಸಂಜಿಗೆ ಮುಗೀತದ ಅಂತ ಮಾತು ಕೊಟ್ಟೇನ್ರಿ. ಈಗ ತಿರುಗಿಸಿದ್ರ ನಾಳೆ ಅವರಿಗೆ ಹೆಂಗ ಮಾರಿ ತೋರಸ್ಲಿ?"

ಅವರು ತುಂಬಿದ ಶೀಶೆಗಳ ಕಡೆ ಒಮ್ಮೆ ನೋಡಿದರಷ್ಟೇ. ನಮ್ಮ ಜೊತೆಗಾರಿಕೆ ಇಂದಿಗೇ ಮುಗಿಯಿತು ಎಂದುಕೊಂಡೆ.

ಅಷ್ಟರಲ್ಲಿ ಮಗನ ಕುರ್ತಾ ಹಿಡಿದಿದ್ದ ಒಬ್ಬ ಹೆಂಗಸು ಬೋರ್ಡ್ ಓದಿ ನಕ್ಕಳು. "ಕೋಯಿ ಬಾತ್ ನಹೀ, ಬೆಹೆನ್. ಚಾಂದ್ ತೋ ದಿಖ್ ಗಯಾ. ಆಪ್ ನೇ ದೇಖಾ?"

ಪರವಾಗಿಲ್ಲ, ಚಂದ್ರ ಕಂಡನಲ್ಲ, ನೀವು ನೋಡಿದಿರಾ ಎಂದು. ನಾನೆಲ್ಲಿ ನೋಡಿದ್ದೆ? ಅವಳೇ ಕೈಹಿಡಿದು ಹೊರಗೆ ಕರೆದೊಯ್ದಳು.

ಎರಡು ಬಿಲ್ಡಿಂಗ್‌ಗಳ ನಡುವೆ, ಕೇಬಲ್ ತಂತಿಗಳ ಮೇಲೆ, ಕತ್ತರಿಸಿದ ಉಗುರಿನಷ್ಟು ಬೆಳಕು. ವಡಾಪಾವ್‌ನವನು ಸೌಟು ಹಿಡಿದು ಮೇಲೆ ನೋಡುತ್ತಿದ್ದ. ಲೋಕಲ್ ಇಳಿದು ಬಂದವರೂ ನಿಂತಿದ್ದರು. ಯಾವತ್ತೂ ಯಾರಿಗೂ ನಿಲ್ಲದ ರಸ್ತೆ ಅದು! ಕಣ್ಣು ತುಂಬಿತು. ತಿಂಗಳಿಡೀ ಹಸಿದು ಕಾದವರ ಚಂದ್ರ ಅದು. ಅದನ್ನು ನಾನು ಬಾಗಿಲು ಮುಚ್ಚುವ ಗಂಟೆ ಮಾಡಿದ್ದೆ.

ಆ ಗುಂಪಿನಲ್ಲೇ ಸೋನಾಲಿ ಇದ್ದಳು. ಬೆಳಿಗ್ಗೆ ಕೊಂಡ ಸೀರೆಯ ಚೀಲ ಇನ್ನೂ ಕೈಯಲ್ಲಿತ್ತು. ವಿಷಯ ಹೇಳಿ, ಈಗ ಬಂದವರಿಗೂ ಅತ್ತರು ಕೊಟ್ಟರೆ ಬೇಜಾರಾಗುತ್ತದೇನೆ ಎಂದು ಕೇಳಿದೆ. ಅವಳು ಚಂದ್ರನಿಂದ ಕಣ್ಣು ಕೀಳದೆ, "ಕಾಕೂ, ಆಜ್ ಕೋಣಾಲಾಚ್ ನಾಹೀ ಮ್ಹಣೂ ನಕಾ" ಎಂದಳು. ಇವತ್ತು ಯಾರಿಗೂ ಇಲ್ಲ ಅನ್ನಬೇಡಿ.

ಸೆರಗಿನಿಂದಲೇ ಬೋರ್ಡಿನ ಕೊನೆಯ ಸಾಲು ಒರೆಸಿದೆ. ದಸ್ತಗೀರಸಾಬರು ನನ್ನ ಮುಂಗೈಗೆ ಅತ್ತರು ಹಚ್ಚಿ, "ಈಗ ಬರೀರಿ ಅಕ್ಕಾರ" ಎಂದರು.

"ಚಾಂದ್ ಕಂಡಿದೆ. ಬಾಗಿಲು ತೆರೆದಿದೆ" ಎಂದು ಬರೆದೆ.