ವಿ. ಎನ್. ಹಾಜರು

ಅಮ್ಮ ತೀರಿಕೊಂಡು ಎಂಟು ವರ್ಷವಾದ ಮೇಲೆ, ಒಂದು ಸೋಮವಾರ ಮಧ್ಯಾಹ್ನ, ಆಸ್ಪತ್ರೆಯಿಂದ ಅವಳಿಗೊಂದು ಸಂದೇಶ ಬಂತು: ‘ವಿ. ಎನ್. ಅವರೇ, ನಾಳೆ ನಿಮ್ಮ ಆಪರೇಷನ್. ಬೆಳಗ್ಗೆ ಹತ್ತಕ್ಕೆ ಬನ್ನಿ. ಏನೂ ತಿನ್ನದೆ ಬನ್ನಿ.’

ಅಮ್ಮನ ಫೋನು ನನ್ನ ಮೇಜಿನ ಡ್ರಾಯರ್‌ನಲ್ಲಿರುತ್ತದೆ. ಅದಕ್ಕೆ ತಪ್ಪದೆ ಚಾರ್ಜ್ ಹಾಕುತ್ತೇನೆ. ಹುಚ್ಚು ಅನ್ನಿ, ಪರವಾಗಿಲ್ಲ, ಮನೆಯವರೆಲ್ಲ ಅಂದಾಗಿದೆ. ಆ ಮೇಜು ಇರುವುದು ಅದೇ ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ. ಅಂದರೆ ಆ ಸಂದೇಶ ಹೊರಟದ್ದು ನಮ್ಮ ಕಟ್ಟಡದಿಂದಲೇ, ಬಂದು ಸೇರಿದ್ದೂ ನಮ್ಮ ಕಟ್ಟಡಕ್ಕೇ. ಅದನ್ನು ಎರಡೆರಡು ಸಲ ಓದಿದೆ.

ಆಮೇಲೆ ಹೊಳೆಯಿತು. ಆಪರೇಷನ್ ಆಗಬೇಕಿರುವುದು ಚಿಕ್ಕಮ್ಮನಿಗೆ. ಪಿತ್ತಕೋಶದಲ್ಲಿ ಕಲ್ಲು. ಯಾವತ್ತು ಕರೆಯುತ್ತಾರೋ ಎಂದು ಮೂರು ವಾರದಿಂದ ಕಾಯುತ್ತಿದ್ದಾಳೆ. ಅಮ್ಮ ಮತ್ತು ಚಿಕ್ಕಮ್ಮ ಅವಳಿ. ಇಬ್ಬರ ಹೆಸರಿನ ಮೊದಲಕ್ಷರವೂ ಒಂದೇ, ‘ವಿ’. ತಂದೆಯ ಹೆಸರಿನ ‘ಎನ್’ ಸಹಜವಾಗಿ ಇಬ್ಬರಿಗೂ ಒಂದೇ. ಮದುವೆಯಾದದ್ದೂ ಒಂದೇ ಮನೆಯ ಅಣ್ಣತಮ್ಮಂದಿರನ್ನು. ಹಾಗಾಗಿ ಕೊನೆಯಲ್ಲಿ ಬರುವ ಮನೆತನದ ಹೆಸರೂ ಒಂದೇ.

ಇಷ್ಟು ವರ್ಷ ಅದರಿಂದ ತೊಂದರೆಯಾಗಿರಲಿಲ್ಲ. ಆದದ್ದು ಶನಿವಾರ, ನಮ್ಮ ಫಾರ್ಮುಲಾನ ಕೈಯಿಂದ. ಐವತ್ತು ದಾಟಿದ ಸಹೋದ್ಯೋಗಿ. ಏನು ಕೇಳಿದರೂ ‘ಒಂದು ಫಾರ್ಮುಲಾ ಹಾಕಿದ್ರಾಯ್ತು’ ಅನ್ನುವುದರಿಂದ ಆ ಹೆಸರು. ರೋಗಿಗಳ ಹಳೆಯ ಪಟ್ಟಿಯನ್ನು ಹೊಸ ಸಾಫ್ಟ್‌ವೇರಿಗೆ ದಾಟಿಸಬೇಕಿತ್ತು. ಹಳೆಯದರಲ್ಲಿ ಇನಿಶಿಯಲ್, ಮನೆತನದ ಹೆಸರು ಎಲ್ಲ ಸೇರಿ ಒಂದೇ ಕಾಲಂ. ಹೊಸದಕ್ಕೆ ಎರಡು ಬೇಕು: ಸ್ವಂತ ಹೆಸರು ಒಂದು, ಮನೆತನದ ಹೆಸರು ಇನ್ನೊಂದು.

ಮೊದಲು ಅವನು ಹೆಸರಿನಲ್ಲಿ ಮೊದಲನೇ ಸ್ಪೇಸ್ ಬಂದಲ್ಲಿ ಕತ್ತರಿಸಿದ. ‘ವಿ.’ ಈ ಕಡೆ ಬಂತು, ‘ಎನ್.’ ಮನೆತನದ ಹೆಸರಿಗೆ ಅಂಟಿಕೊಂಡು ಆ ಕಡೆ ಹೋಯಿತು. ಬೈದೆ. ಆಮೇಲೆ ಪ್ರತಿ ಚುಕ್ಕಿಯ ನಂತರ ಒಂದು ಸ್ಪೇಸ್ ಬಿಡಿಸಿ, ಹೆಚ್ಚಿನ ಸ್ಪೇಸ್‌ಗಳನ್ನೆಲ್ಲ ತೆಗೆದು, ಕೊನೆಯ ಸ್ಪೇಸ್‌ನಲ್ಲಿ ಕತ್ತರಿಸಿದ. ಕೊನೆಯ ಪದ ಮನೆತನದ ಹೆಸರು, ಉಳಿದದ್ದು ಸ್ವಂತ ಹೆಸರು.

“ಉಳಿದದ್ದು ಬರೀ ಇನಿಶಿಯಲ್ ಕಣಯ್ಯಾ. ಅದು ಹೆಸರಲ್ಲ. ಅದಕ್ಕೆ ಬೇರೆ ಕಾಲಂ ಮಾಡು, ಹೆಸರಿನ ಜಾಗ ಖಾಲಿ ಬಿಡು. ಹಳೇ ಕಾರ್ಡು ನೋಡ್ಕೊಂಡು ನಾನು ತುಂಬ್ತೀನಿ” ಅಂದೆ.

“ಖಾಲಿ ಬಿಟ್ರೆ ಸಾಫ್ಟ್‌ವೇರ್ ತಗೊಳ್ಳಲ್ಲ ಮೇಡಂ. ಸೋಮವಾರ ಶುರು ಆಗ್ಬೇಕು. ಆಮೇಲೆ ತಿದ್ದಿದ್ರಾಯ್ತು.”

ನಾನೂ ಒಪ್ಪಿಕೊಂಡೆ. ಸುಳ್ಳು ಹೇಳುವುದಿಲ್ಲ, ನನಗೂ ಮನೆಗೆ ಹೋಗುವ ಆತುರವಿತ್ತು.

ಮಂಗಳವಾರ ಒಂಬತ್ತಕ್ಕೇ ಚಿಕ್ಕಮ್ಮನನ್ನು ಕರೆತಂದು ಹೊರಗಿನ ಹಾಲ್‌ನ ಬೆಂಚಿನ ಮೇಲೆ ಕೂರಿಸಿದೆ. ನಮ್ಮ ಕೋಣೆಯ ಕಿಟಕಿ ಆ ಹಾಲಿಗೇ ತೆರೆದುಕೊಳ್ಳುತ್ತದೆ. ಒಳಗೆ ಹೋಗಿ ‘ವಿ. ಎನ್.’ ಹುಡುಕಿದರೆ ನಮ್ಮ ಮನೆತನದಲ್ಲಿ ಸಿಕ್ಕಿದ್ದು ಒಬ್ಬಳೇ. ನೋಂದಣಿ ಸಂಖ್ಯೆ ಅಮ್ಮನದು, ಫೋನು ಅಮ್ಮನದು. ಪಿತ್ತಕೋಶದ ಸ್ಕ್ಯಾನ್ ಚಿಕ್ಕಮ್ಮನದು. ಸಾವಿನ ದಿನಾಂಕ ಖಾಲಿ.

“ಎರಡು ಹೆಸರೂ ಸರಿಹೋಗಿ, ಹುಟ್ಟಿದ ದಿನವೂ ಒಂದೇ ಆದ್ರೆ ಒಬ್ಬರೇ ಅಂತ ಸೇರಿಸುತ್ತೆ” ಎಂದ ಫಾರ್ಮುಲಾ. “ಹಳೇ ನಂಬರ್ ಉಳಿಸ್ಕೊಳ್ಳುತ್ತೆ.”

“ಸತ್ತ ದಿನಾಂಕ ಎಲ್ಲಿ ಹೋಯ್ತು?”

ಅವನು ತಲೆ ಕೆರೆದುಕೊಂಡ. “ಸತ್ತ ಮೇಲೂ ಆಸ್ಪತ್ರೆಗೆ ಬಂದಿದ್ದಾರಲ್ಲ ಮೇಡಂ. ಹಾಗಿದ್ರೆ ದಿನಾಂಕನೇ ತಪ್ಪು ಅಂತ ತೆಗೆದುಹಾಕಿದೆ.”

ನಗು ಬರಬೇಕಿತ್ತು. ಅಷ್ಟರಲ್ಲಿ ಕೆಳಗಿನ ಸಾಲು ಕಣ್ಣಿಗೆ ಬಿತ್ತು. ‘ಔಷಧದ ಅಲರ್ಜಿ: ಇಲ್ಲ.’ ಅದು ಅಮ್ಮನ ಉತ್ತರ. ಚಿಕ್ಕಮ್ಮನಿಗೆ ಒಂದು ಇಂಜೆಕ್ಷನ್ ಆಗಿಬರುವುದಿಲ್ಲ. ಹಿಂದೊಮ್ಮೆ ಗಂಟಲು ಊದಿ, ಉಸಿರು ಸಿಕ್ಕಿಕೊಂಡು, ಸತ್ತು ಬದುಕಿದ್ದಳು. ಅವಳ ಹಳೆಯ ಕಾರ್ಡಿನ ಮೇಲೆ ಅದನ್ನು ಕೆಂಪು ಶಾಯಿಯಲ್ಲಿ ಬರೆದಿದ್ದಾರೆ. ಆದರೆ ಇವತ್ತು ಡಾಕ್ಟರು ನೋಡುವುದು ಕಾರ್ಡನ್ನಲ್ಲ, ಈ ಪರದೆಯನ್ನು.

ಆಪರೇಷನ್ ಕೋಣೆಗೆ ಫೋನು ಮಾಡಿ, ನಾನು ಬಂದು ಹೇಳುವವರೆಗೆ ಒಂದು ಸೂಜಿಯನ್ನೂ ಚುಚ್ಚಬೇಡಿ ಎಂದೆ. ಇಬ್ಬರ ಹಳೆಯ ಕಾರ್ಡುಗಳನ್ನೂ ಕಪಾಟಿನಿಂದ ತೆಗೆದೆ. ಸೇರಿದ್ದ ದಾಖಲೆಯನ್ನು ಬೇರ್ಪಡಿಸಿ, ಒಂದೊಂದೇ ಭೇಟಿಯನ್ನು ಯಾರದೋ ಅವರಿಗೆ ಹಂಚುತ್ತಾ ಹೋದೆ. ಚಿಕ್ಕಮ್ಮನ ಸ್ವಂತ ಹೆಸರು ಪೂರ್ತಿ ಬರೆದೆ, ಅಲರ್ಜಿ ಬರೆದೆ. ಆಮೇಲೆ ಅಮ್ಮನ ಹೆಸರು. ಎಂಟು ವರ್ಷದಿಂದ ನಾನದನ್ನು ಪೂರ್ತಿಯಾಗಿ ಎಲ್ಲಿಯೂ ಬರೆದಿರಲಿಲ್ಲ.

ಇನ್ನೊಂದೇ ಕೆಲಸ ಬಾಕಿಯಿತ್ತು. ಇವತ್ತಿನ ಸರದಿ ಹಳೆಯ ನಂಬರಿಗೇ, ಅಂದರೆ ಅಮ್ಮನಿಗೇ ಅಂಟಿಕೊಂಡಿತ್ತು. ಅದನ್ನು ಚಿಕ್ಕಮ್ಮನಿಗೆ ದಾಟಿಸಬೇಕು ಅನ್ನುವಷ್ಟರಲ್ಲಿ ಗಂಟೆ ಹತ್ತಾಯಿತು. ಹಾಲ್‌ನ ಧ್ವನಿವರ್ಧಕ ಸ್ವಂತ ಹೆಸರನ್ನಷ್ಟೇ ಕೂಗುತ್ತದೆ. ಅಮ್ಮನ ಹೆಸರನ್ನು ಪೂರ್ತಿಯಾಗಿ, ಸ್ಪಷ್ಟವಾಗಿ ಕೂಗಿತು. “ಮೂರನೇ ಕೌಂಟರಿಗೆ ಬನ್ನಿ.”

“ಇದ್ದೀನಿ.”

ಅಮ್ಮನ ಧ್ವನಿ. ಒಲೆಯ ಮುಂದಿದ್ದರೂ ಹಿತ್ತಿಲಲ್ಲಿದ್ದರೂ ಯಾರಾದರೂ ಕರೆದರೆ ಅವಳು ಹೀಗೇ, ಕೊನೆಯನ್ನು ಸ್ವಲ್ಪ ಎಳೆದು ಅನ್ನುತ್ತಿದ್ದದ್ದು. ಹೊರಗಿನ ಹಾಲ್‌ಗೆ ಓಡಿದೆ.

ಚಿಕ್ಕಮ್ಮ ಬೆಂಚಿನ ಮೇಲೇ ಕೂತಿದ್ದಳು. ಮುಖ ಬಿಳಿಚಿಕೊಂಡಿತ್ತು.

“ನೀನ್ಯಾಕೆ ಉತ್ತರ ಕೊಟ್ಟೆ ಚಿಕ್ಕಮ್ಮಾ? ಅದು ನಿನ್ನ ಹೆಸರಲ್ಲ.”

“ನಾನೆಲ್ಲೇ ಬಾಯಿ ಬಿಟ್ಟೆ? ಅಕ್ಕನ ಹೆಸರು ಕೇಳಿ ನನಗೆ ಉಸಿರೇ ನಿಂತೋಯ್ತು.” ನನ್ನ ಕೈ ಹಿಡಿದುಕೊಂಡಳು. “ಕಿಟಕಿ ಕಡೆಯಿಂದ ಬಂತಲ್ಲೇ. ನೀನು ಅಂದೆ ಅನ್ಕೊಂಡೆ.”

ಮೂರನೇ ಕೌಂಟರಿನ ನರ್ಸ್ ತಲೆ ಎತ್ತಿದಳು. “ಹೌದು ಮೇಡಂ, ನಿಮ್ಮ ಧ್ವನಿನೇ. ನೀವು ‘ಇದ್ದೀನಿ’ ಅಂದ್ರಲ್ಲ, ಅದಕ್ಕೇ ಹಾಜರು ಒತ್ತಿದೆ.”

ನಾನು ಬಾಯಿ ತೆರೆದಿರಲಿಲ್ಲ. ತೆರೆದಿರಲಿಲ್ಲ ಅಂತಲೇ ಇವತ್ತಿಗೂ ಹೇಳುತ್ತೇನೆ.

ಚಿಕ್ಕಮ್ಮನ ಹೆಸರಿಗೆ ಹೊಸ ಸರದಿ ಬರೆಸಿ, ಕೆಂಪು ಶಾಯಿಯ ಕಾರ್ಡನ್ನು ಡಾಕ್ಟರ ಕೈಗೇ ಕೊಟ್ಟು, ಅವರು ಜೋರಾಗಿ ಓದುವವರೆಗೆ ಅಲ್ಲೇ ನಿಂತೆ. ಅದೇ ಇಂಜೆಕ್ಷನ್ ಟ್ರೇಯಲ್ಲಿ ಸಿದ್ಧವಾಗಿತ್ತು. ಅದನ್ನು ತೆಗೆದಿಟ್ಟು ಬೇರೆ ತಂದರು. ಮಧ್ಯಾಹ್ನದ ಹೊತ್ತಿಗೆ ಆಪರೇಷನ್ ಮುಗಿಯಿತು. ಚಿಕ್ಕಮ್ಮ ಕಣ್ಣುಬಿಟ್ಟು ನೀರು ಕೇಳಿದಳು, ಕೊಡದಿದ್ದಕ್ಕೆ ನರ್ಸನ್ನು ಬೈದಳು. ನನಗೆ ಜೀವ ಬಂತು.

ಆಮೇಲೆ ಮೇಜಿಗೆ ಬಂದು ಅಮ್ಮನ ದಾಖಲೆ ತೆರೆದೆ. ಸಾವಿನ ದಿನಾಂಕ ತುಂಬಿದೆ. ಪರದೆ ಒಪ್ಪಲಿಲ್ಲ: ‘ಈ ದಿನಾಂಕದ ನಂತರದ ಭೇಟಿ ಇದೆ. ಉಳಿಸಲಾಗದು.’ ಕೆಳಗೆ ಇವತ್ತಿನ ತಾರೀಖು, ಹತ್ತು ಗಂಟೆ, ಹಾಜರು.

“ಹಾಜರು ಅಳಿಸಿ ಮೇಡಂ, ಆಮೇಲೆ ತಗೊಳ್ಳುತ್ತೆ” ಅಂದ ಫಾರ್ಮುಲಾ, ಮೆಲ್ಲಗೆ. ಆಮೇಲೆ ಅದೇನೋ ನೆಪ ತೆಗೆದು ಎದ್ದು ಹೊರಗೆ ಹೋದ.

ಅಳಿಸದೆ ಬಿಟ್ಟರೆ ಯಾರಿಗೇನು ನಷ್ಟ ಅನ್ನಿಸಿತು. ಆದರೆ ‘ಆಮೇಲೆ ತಿದ್ದಿದ್ರಾಯ್ತು’ ಅಂತ ಬಿಟ್ಟದ್ದರ ನಷ್ಟ ಇವತ್ತು ಚಿಕ್ಕಮ್ಮನ ಗಂಟಲಿಗೇ ಬರುತ್ತಿತ್ತಲ್ಲ. ಅಳುತ್ತಲೇ ಅಳಿಸಿದೆ. ದಿನಾಂಕ ಮತ್ತೆ ತುಂಬಿದೆ. ಈ ಸಲ ಉಳಿಯಿತು.

ಡ್ರಾಯರ್‌ನೊಳಗೆ ಅಮ್ಮನ ಫೋನು ಗುಂಯ್ ಅಂದಿತು. ಬೆಳಗ್ಗೆ ಹಾಜರು ಒತ್ತಿದಾಗಲೇ ಸರದಿಯಲ್ಲಿ ನಿಂತಿದ್ದ ಸಂದೇಶ ಈಗ ಬಂದಿತ್ತು. ಮೊದಲಿಗೆ ಅಮ್ಮನ ಹೆಸರು, ಇನಿಶಿಯಲ್ ಅಲ್ಲ, ಪೂರ್ತಿ ಹೆಸರು. ಅದರ ಕೆಳಗೆ, ‘ಇಂದು ನೀವು ಬಂದದ್ದಕ್ಕೆ ಧನ್ಯವಾದ.’

“ಇದ್ದೀನಿ ಅಮ್ಮಾ” ಅಂದೆ. ಈ ಸಲ ಅಂದದ್ದು ನಾನೇ.